ನಕಲಿ ಎಂಬ ಒಂದು ಪದ

2016ರ ಮಾರ್ಚ್ 19ರಂದು ಜಾನ್ ಪೊಡೆಸ್ಟಾ ಅವರ ಜಿಮೇಲ್‌ಗೆ ಒಂದು ಎಚ್ಚರಿಕೆ ಬಂತು. ಅವರು ಆಗ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಪ್ರಚಾರ ಸಮಿತಿಯ ಅಧ್ಯಕ್ಷರು. ನಿಮ್ಮ ಪಾಸ್‌ವರ್ಡ್ ಯಾರದೋ ಕೈಗೆ ಸಿಕ್ಕಿದೆ, ಉಕ್ರೇನ್‌ನಿಂದ ಯಾರೋ ನಿಮ್ಮ ಖಾತೆಗೆ ನುಗ್ಗಲು ನೋಡಿದರು, ನಾವು ತಡೆದಿದ್ದೇವೆ, ಕೂಡಲೇ ಪಾಸ್‌ವರ್ಡ್ ಬದಲಿಸಿ ಎಂದು ಅದರಲ್ಲಿತ್ತು. ಒತ್ತಲು ಒಂದು ಲಿಂಕ್ ಇತ್ತು, ಕೆಳಗೆ ಜಿಮೇಲ್ ತಂಡದ ಹೆಸರಿತ್ತು.

ಮೇಲ್ ನೋಡಿದ ಆಪ್ತ ಸಿಬ್ಬಂದಿಗೆ ಅನುಮಾನ ಬಂದು, ಅದನ್ನು ಪ್ರಚಾರ ಕಚೇರಿಯ ಕಂಪ್ಯೂಟರ್ ಸಹಾಯಕರಿಗೆ ಕಳಿಸಿ ಕೇಳಿದರು. ಇಲ್ಲಿಯವರೆಗೆ ಎಲ್ಲರೂ ಮಾಡಬೇಕಾದ್ದನ್ನೇ ಮಾಡಿದ್ದಾರೆ. ಸಹಾಯಕ ಬರೆದ ಉತ್ತರದಲ್ಲೂ ಬಹುಪಾಲು ಎಲ್ಲವೂ ಸರಿಯಿತ್ತು. ಪಾಸ್‌ವರ್ಡ್ ಬದಲಿಸಲು ಗೂಗಲ್‌ನ ನಿಜವಾದ ವಿಳಾಸವನ್ನೇ ಕೊಟ್ಟಿದ್ದ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಲು ಹೇಳಿದ್ದ. ಎಡವಿದ್ದು ಮೊದಲ ವಾಕ್ಯದಲ್ಲಿ. ಈ ಮೇಲ್ ‘ಲೆಜಿಟಿಮೇಟ್’, ಅಂದರೆ ಅಸಲಿ, ಎಂದು ಬರೆದುಬಿಟ್ಟಿದ್ದ. ತಾನು ಬರೆಯಹೊರಟದ್ದು ‘ಇಲ್ಲೆಜಿಟಿಮೇಟ್’ ಎಂದು, ಅದು ಬೆರಳು ತಪ್ಪಿ ಹಾಗಾಯಿತು ಎಂದು ಆತ ಮುಂದೆ ಪತ್ರಕರ್ತರಿಗೆ ಹೇಳಿದ. ಆ ಉತ್ತರದ ಕೆಳಗೇ ಮೂಲ ಮೇಲ್ ಕೂಡ ಇತ್ತು, ಅದರ ಲಿಂಕ್ ಜೀವಂತವಾಗಿತ್ತು. ತಂಡದಲ್ಲಿ ಯಾರೋ ಮೇಲಿನ ಸರಿಯಾದ ವಿಳಾಸ ಬಿಟ್ಟು ಕೆಳಗಿನ ಲಿಂಕ್ ಒತ್ತಿದರು. ಐವತ್ತು ಸಾವಿರಕ್ಕೂ ಹೆಚ್ಚು ಮೇಲ್‌ಗಳು ಕಳುವಾದವು ಎಂದು 2018ರ ಜುಲೈನಲ್ಲಿ ರಷ್ಯಾದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ ಹೊರಿಸಿದ ಆರೋಪಪಟ್ಟಿ ಹೇಳುತ್ತದೆ. 2016ರ ಅಕ್ಟೋಬರ್ 7ರಿಂದ ವಿಕಿಲೀಕ್ಸ್ ಅವನ್ನು ಕಂತುಕಂತಾಗಿ ಪ್ರಕಟಿಸಿತು.

ಈ ಕತೆಯನ್ನು ಸಾಮಾನ್ಯವಾಗಿ ಟೈಪಿಂಗ್ ತಪ್ಪಿನ ಕತೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಕಳ್ಳರು ಕಳಿಸಿದ್ದೂ ಎಚ್ಚರಿಕೆ, ಸಹಾಯಕ ಕಳಿಸಿದ್ದೂ ಎಚ್ಚರಿಕೆ. ಎರಡರಲ್ಲೂ ಅವಸರವಿತ್ತು, ಪಾಸ್‌ವರ್ಡ್ ಬದಲಿಸಿ ಎಂಬ ಆಜ್ಞೆಯಿತ್ತು, ಒತ್ತಲು ಲಿಂಕ್ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಯಾವುದು ಯಾವುದೆಂದು ಹೇಳಬಲ್ಲ ಗುರುತು ಒಂದೇ ಒಂದು ಪದ. ಅದೂ ತಪ್ಪಿತ್ತು.

ಹೀಗೆ ಎಚ್ಚರಿಕೆಯೂ ಗಾಳದ ಆಕಾರದಲ್ಲೇ ಇರುವುದು ನಮ್ಮ ಕಚೇರಿಗಳಲ್ಲಿ ದಿನನಿತ್ಯದ ಸಂಗತಿ. ಅಂಥದ್ದೊಂದನ್ನು ಬರೆಯುವುದರಲ್ಲಿ ನನ್ನ ಕೈಯೂ ಇತ್ತು.

ಆಗ ನಾನು ಒಂದು ಮಧ್ಯಮ ಗಾತ್ರದ ಸಂಸ್ಥೆಯ ಐಟಿ ವಿಭಾಗದಲ್ಲಿದ್ದೆ. ಜುಲೈ ತಿಂಗಳು. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ವಾರಗಳು, ಎಲ್ಲರ ಬಾಯಲ್ಲೂ ಫಾರ್ಮ್ 16. ಒಂದು ಬೆಳಿಗ್ಗೆ ಹತ್ತು ಗಂಟೆ ದಾಟುತ್ತಿದ್ದ ಹಾಗೆ ಹಲವರಿಗೆ ಎಚ್‌ಆರ್ ವಿಭಾಗದ ಹೆಸರಿನಲ್ಲಿ ಒಂದು ಮೇಲ್ ಬಂತು. ನಿಮ್ಮ ಫಾರ್ಮ್ 16 ಪರಿಷ್ಕರಿಸಲಾಗಿದೆ, ಇಂದು ಸಂಜೆ ಐದರೊಳಗೆ ಲಾಗಿನ್ ಆಗಿ ಇಳಿಸಿಕೊಳ್ಳಿ ಎಂದು. ಕಾಗುಣಿತ ತಪ್ಪಿರಲಿಲ್ಲ, ಲಾಟರಿ ಇರಲಿಲ್ಲ, ವಿದೇಶದ ವಿಧವೆಯ ಆಸ್ತಿಯೂ ಇರಲಿಲ್ಲ. ಫಿಶಿಂಗ್ ಮೇಲ್ ಎಷ್ಟು ಕಠಿಣವೆಂದು ಅಳೆಯಲು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಸಂಶೋಧಕರು 2020ರಲ್ಲಿ ಒಂದು ಮಾಪಕ ಪ್ರಕಟಿಸಿದರು. ಮೇಲ್‌ನಲ್ಲಿ ಕಾಣುವ ತಪ್ಪುಗಳನ್ನು ಎಣಿಸುವುದರ ಜೊತೆಗೆ, ಮೇಲ್ ಹೇಳುವ ವಿಷಯ ಓದುಗನ ಅಂದಿನ ಕೆಲಸಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಜುಲೈನಲ್ಲಿ ಫಾರ್ಮ್ 16 ಎಂದರೆ ಹೊಂದಾಣಿಕೆ ಪೂರ್ತಿ. ಅದೇ ಮೇಲ್ ಜನವರಿಯಲ್ಲಿ ಬಂದಿದ್ದರೆ ಅರ್ಧ ಜನ ತೆರೆಯುತ್ತಲೇ ಇರಲಿಲ್ಲ.

ಸುದ್ದಿ ನಮಗೆ ಮುಟ್ಟಿದ್ದು ಹನ್ನೊಂದೂವರೆಗೆ. ಮೇಲಧಿಕಾರಿಗಳು ಗಾಬರಿಯಾಗಿ, ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನು ಕೂರಿಸಿಕೊಂಡು ಒಂದು ಸುತ್ತೋಲೆ ಬರೆಸಿದರು. ಅದು ಈಗಲೂ ನನ್ನ ಬಳಿ ಇದೆ.

“ವಿಷಯ: ಅತಿ ತುರ್ತು!!! ಸೈಬರ್ ದಾಳಿ. ಈ ಮೂಲಕ ಎಲ್ಲಾ ಸಿಬ್ಬಂದಿ ವರ್ಗದವರಿಗೆ ತಿಳಿಯಪಡಿಸುವುದೇನೆಂದರೆ, ಇತ್ತೀಚಿನ ದಿನಗಳಲ್ಲಿ ಸಂಸ್ಥೆಯ ಮೇಲೆ ಫಿಶಿಂಗ್ ದಾಳಿಗಳು ನಡೆಯುತ್ತಿರುವುದು ಕಂಡುಬಂದಿದ್ದು, ಸಿಬ್ಬಂದಿಯು ಅನುಮಾನಾಸ್ಪದ ಇ-ಮೇಲ್‌ಗಳಲ್ಲಿನ ಲಿಂಕ್‌ಗಳನ್ನು ಯಾವುದೇ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಉಲ್ಲಂಘಿಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು. ಹೆಚ್ಚಿನ ವಿವರಗಳಿಗೆ ಲಗತ್ತಿಸಿದ ಕಡತ ನೋಡುವುದು.”

ಬರೆದಾಗ ಗಂಭೀರವಾಗಿದೆ ಅನ್ನಿಸಿತ್ತು. ಈಗ ಓದಿದರೆ ಫಾರ್ಮ್ 16ರ ವಿಷಯವೇ ಅದರಲ್ಲಿಲ್ಲ. ಯಾರ ಇನ್‌ಬಾಕ್ಸ್‌ನಲ್ಲೂ ‘ಅನುಮಾನಾಸ್ಪದ’ ಎಂದು ಬರೆದ ಮೇಲ್ ಇರಲಿಲ್ಲ. ಇದ್ದದ್ದು ಎಚ್‌ಆರ್‌ನಿಂದ ಬಂದ ಮೇಲ್. ಎಚ್‌ಆರ್ ಮೇಲೆ ಅನುಮಾನವಿಲ್ಲದವರು ಸುತ್ತೋಲೆ ಓದಿ, ತಮಗಲ್ಲ ಅಂದುಕೊಂಡು, ಊಟದ ನಂತರ ಫಾರ್ಮ್ 16 ಇಳಿಸಿಕೊಳ್ಳಲು ಹೋದರು. ಲಿಂಕ್ ತೆರೆಯಬೇಡಿ ಎಂದು ಹೇಳಲು ಅಟ್ಯಾಚ್‌ಮೆಂಟ್ ಕಳಿಸಿದ ವಿಚಾರ ಬೇರೆ ಬಿಡಿ.

ಆದರೆ ನಿಜವಾದ ಹಾನಿ ಮಾಡಿದ್ದು ಶಿಸ್ತುಕ್ರಮದ ಸಾಲು. ಲೆಕ್ಕಪತ್ರ ವಿಭಾಗದ ಮೇಡಂ ಒಬ್ಬರು ಹತ್ತೂವರೆಗೇ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದ್ದರು. ಪುಟ ತೆರೆದುಕೊಳ್ಳಲಿಲ್ಲ, ಸರ್ವರ್ ಬ್ಯುಸಿ ಇರಬೇಕು ಎಂದು ಬಿಟ್ಟಿದ್ದರು. ಅವರು ನಮಗೆ ಹೇಳಿದ್ದು ಮರುದಿನ ಮಧ್ಯಾಹ್ನ, ಅದೂ ಕಾರಿಡಾರ್‌ನಲ್ಲಿ ಪಕ್ಕಕ್ಕೆ ಕರೆದು.

“ನಿನ್ನೆಯೇ ಹೇಳಬಹುದಿತ್ತಲ್ಲ ಮೇಡಂ?”

“ನಾನು ಮಾಡಿದ್ದು ತಪ್ಪು ಅಂತ ಗೊತ್ತಾಗಿದ್ದೇ ನಿಮ್ಮ ಸುತ್ತೋಲೆ ಓದಿದ ಮೇಲೆ ಸರ್. ಆದರೆ ಅದರಲ್ಲೇ ಕ್ರಮ ಜರುಗಿಸ್ತೀವಿ ಅಂತಿತ್ತಲ್ಲ. ಇನ್ನು ಎರಡು ವರ್ಷಕ್ಕೆ ನನ್ನ ರಿಟೈರ್‌ಮೆಂಟ್.”

ಆ ಒಂದು ದಿನದಲ್ಲಿ ಏನಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಚ್ಚರಿಕೆಯಲ್ಲಿ ಏನಿರಬೇಕು ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಪಾಸ್‌ವರ್ಡ್ ಸಿಕ್ಕವನು ಮೊದಲು ಮಾಡುವುದು ಗಲಾಟೆಯನ್ನಲ್ಲ. ಸದ್ದಿಲ್ಲದೆ ಒಳಗೆ ಬಂದು ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಒಂದೆರಡು ನಿಯಮ ಬರೆಯುತ್ತಾನೆ. ಇನ್‌ವಾಯ್ಸ್, ಪೇಮೆಂಟ್ ಎಂಬ ಪದವಿರುವ ಮೇಲ್ ಬಂದರೆ ಅದರ ಪ್ರತಿಯನ್ನು ಹೊರಗಿನ ಒಂದು ವಿಳಾಸಕ್ಕೆ ಕಳಿಸು. ತನ್ನ ಮೋಸದ ಮೇಲ್‌ಗೆ ಯಾರಾದರೂ ಉತ್ತರ ಬರೆದರೆ ಅದನ್ನು ಇನ್‌ಬಾಕ್ಸ್‌ನಲ್ಲಿ ತೋರಿಸದೆ ಯಾರೂ ತೆರೆಯದ ಫೋಲ್ಡರ್‌ಗೆ ಹಾಕು. ಔಟ್‌ಲುಕ್ ಬಳಸುವ ಕಡೆಗಳಲ್ಲಿ ಇದಕ್ಕೆ ‘ಆರ್‌ಎಸ್‌ಎಸ್ ಫೀಡ್ಸ್’ ಫೋಲ್ಡರ್ ಕಳ್ಳರಿಗೆ ಬಲು ಪ್ರಿಯ, ಅಂಥದ್ದೊಂದು ಇದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಆಮೇಲೆ ಕೂತು ಹಳೆಯ ಮೇಲ್ ಓದುತ್ತಾನೆ. ಯಾವ ಸರಬರಾಜುದಾರರಿಗೆ ಯಾವ ತಾರೀಖು ಎಷ್ಟು ಪಾವತಿ, ಮೇಡಂ ಮೇಲ್ ಮುಗಿಸುವಾಗ ‘ವಂದನೆಗಳು’ ಅನ್ನುತ್ತಾರೋ ‘ರಿಗಾರ್ಡ್ಸ್’ ಅನ್ನುತ್ತಾರೋ. ಇಷ್ಟಾದ ಮೇಲೆ, ನಡೆಯುತ್ತಿರುವ ಮಾತುಕತೆಯ ಮಧ್ಯೆಯೇ ನುಗ್ಗಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಬರೆಯುತ್ತಾನೆ.

ನಮ್ಮಲ್ಲಿ ಮೊದಲ ಎರಡು ಹಂತ ಮುಗಿದಿದ್ದವು. ದುಡ್ಡು ಹೋಗಲಿಲ್ಲ. ಅದು ನಮ್ಮ ಜಾಣ್ಮೆಯಲ್ಲ, ಆ ವಾರ ಪಾವತಿ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಬರೀ ಪಾಸ್‌ವರ್ಡ್ ಬದಲಿಸಿದರೆ ಇದು ಮುಗಿಯುವುದಿಲ್ಲ ಎಂಬುದನ್ನು. ಪಾಸ್‌ವರ್ಡ್ ಬದಲಾದರೂ ಪ್ರತಿ ಕಳಿಸುವ ನಿಯಮ ಹಾಗೆಯೇ ಉಳಿಯುತ್ತದೆ. ಈಗಾಗಲೇ ಒಳಗಿರುವವನನ್ನು ಹೊರಗೆ ಹಾಕಲು ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಬೇಕು. ಲಾಗಿನ್ ದಾಖಲೆ ನೋಡಬೇಕು. ಇದನ್ನೆಲ್ಲ ಸುತ್ತೋಲೆಯಲ್ಲಿ ಬರೆದು ಮೇಡಂ ಕೈಯಲ್ಲಿ ಮಾಡಿಸುವುದು ಆಗದ ಮಾತು. ಅವರಿಂದ ಬೇಕಾದ್ದು ಒಂದೇ, ಬೇಗ ಒಂದು ಫೋನ್. ಹತ್ತೂವರೆಗೆ ಪಾಸ್‌ವರ್ಡ್ ಹೋಗಿ ಹನ್ನೊಂದೂಮುಕ್ಕಾಲಿಗೆ ಫೋನ್ ಬಂದಿದ್ದರೆ ಕೆಲಸ ಹತ್ತು ನಿಮಿಷದ್ದು. ನಮ್ಮ ಸುತ್ತೋಲೆ ಆ ಫೋನನ್ನೇ ತಡೆದಿತ್ತು.

ಹೆದರಿಕೆ ಯಾಕೆ ಹೀಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯದೊಂದು ಪ್ರಯೋಗವಿದೆ. ಅದಕ್ಕೂ ಕಂಪ್ಯೂಟರ್‌ಗೂ ಸಂಬಂಧವಿಲ್ಲ, ಧನುರ್ವಾಯುವಿನದು. ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ್ದು. ಯೇಲ್ ವಿಶ್ವವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಪುಸ್ತಿಕೆ ಕೊಟ್ಟರು. ಕೆಲವರಿಗೆ ಎದೆ ನಡುಗಿಸುವ ಪುಸ್ತಿಕೆ, ಕೆಲವರಿಗೆ ಸೌಮ್ಯವಾದದ್ದು. ಅದರ ಜೊತೆಗೆ ಎರಡೂ ಗುಂಪಿನ ಕೆಲವರಿಗೆ ಇನ್ನೊಂದು ಹಾಳೆ ಕೊಟ್ಟರು. ಅದರಲ್ಲಿ ಕ್ಯಾಂಪಸ್ಸಿನ ನಕ್ಷೆ, ಆರೋಗ್ಯ ಕೇಂದ್ರಕ್ಕೆ ಗುರುತು, ಚುಚ್ಚುಮದ್ದು ಕೊಡುವ ಸಮಯ, ನಿಮ್ಮ ವಾರದ ತರಗತಿಗಳ ಮಧ್ಯೆ ಯಾವಾಗ ಹೋಗುತ್ತೀರಿ ನೋಡಿಕೊಳ್ಳಿ ಎಂಬ ಸೂಚನೆ ಇದ್ದವು. ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಕೊನೆಯ ವರ್ಷದವರಿಗೆ ಗೊತ್ತಿಲ್ಲದ್ದೇನಲ್ಲ.

ನಡುಗಿಸುವ ಪುಸ್ತಿಕೆ ಓದಿದವರು ಹೆಚ್ಚು ಹೆದರಿದರು, ಚುಚ್ಚುಮದ್ದು ಬಹಳ ಮುಖ್ಯ ಎಂದು ಹೆಚ್ಚು ಒಪ್ಪಿದರು. ಆದರೆ ಹೋಗಿ ಹಾಕಿಸಿಕೊಂಡವರ ಲೆಕ್ಕ ಬೇರೆ ಹೇಳಿತು. ನಕ್ಷೆಯ ಹಾಳೆ ಸಿಕ್ಕವರಲ್ಲಿ ಸುಮಾರು ನೂರಕ್ಕೆ 28 ಜನ ಹೋದರು, ಸಿಗದವರಲ್ಲಿ ನೂರಕ್ಕೆ 3. ಹೆದರಿಕೆ ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದು ಇದರಲ್ಲಿ ವ್ಯತ್ಯಾಸ ತರಲಿಲ್ಲ. ಮುಂದೆ 1992ರಲ್ಲಿ ಕಿಮ್ ವಿಟ್ಟೆ ಎಂಬ ಸಂವಹನ ಸಂಶೋಧಕಿ ಇದನ್ನು ಒಂದು ಮಾದರಿಯಾಗಿ ಕಟ್ಟಿದರು. ಅಪಾಯ ದೊಡ್ಡದು ಅನ್ನಿಸಿ, ಅದಕ್ಕೆ ಏನು ಮಾಡಬೇಕೆಂಬುದೂ ಕೈಗೆಟುಕುವಂತಿದ್ದರೆ ಜನ ಅಪಾಯವನ್ನು ನಿಭಾಯಿಸಲು ನೋಡುತ್ತಾರೆ. ಅಪಾಯ ದೊಡ್ಡದಾಗಿದ್ದು ದಾರಿ ಕಾಣದಿದ್ದರೆ ತಮ್ಮ ಹೆದರಿಕೆಯನ್ನು ನಿಭಾಯಿಸಲು ನೋಡುತ್ತಾರೆ. ಅಂದರೆ ಮೇಲ್ ಮುಚ್ಚುತ್ತಾರೆ, ನನಗೇನೂ ಆಗಿರಲಿಕ್ಕಿಲ್ಲ ಅಂದುಕೊಳ್ಳುತ್ತಾರೆ, ಟೀ ಕುಡಿಯಲು ಎದ್ದು ಹೋಗುತ್ತಾರೆ. ಮೇಡಂ ಮಾಡಿದ್ದು ಅದನ್ನೇ. ನಮ್ಮ ಸುತ್ತೋಲೆಯಲ್ಲಿ ನಡುಕ ಇತ್ತು, ನಕ್ಷೆ ಇರಲಿಲ್ಲ.

ಆ ವಾರಾಂತ್ಯ ನಾನೂ ನಮ್ಮ ಸಿಸ್ಟಂ ಅಡ್ಮಿನ್ನೂ ಕೂತು ಅದನ್ನು ತಿದ್ದಿ ಬರೆದೆವು. ತಡವಾಗಿತ್ತು, ಮುಂದಿನ ಸಲಕ್ಕಿರಲಿ ಎಂದು. ನಾಲ್ಕೈದು ಸಲ ಹರಿದು ಹಾಕಿದ ಮೇಲೆ ಉಳಿದದ್ದು ಇದು.

“ವಿಷಯ: ಫಾರ್ಮ್ 16 ಹೆಸರಿನಲ್ಲಿ ಇಂದು ಬಂದ ಮೇಲ್ ನಕಲಿ

ಇಂದು ಬೆಳಿಗ್ಗೆ 10 ಗಂಟೆಯ ನಂತರ ನಮ್ಮಲ್ಲಿ ಹಲವರಿಗೆ ‘ಪರಿಷ್ಕೃತ ಫಾರ್ಮ್ 16’ ಎಂಬ ಮೇಲ್ ಬಂದಿದೆ. ಎಚ್‌ಆರ್ ಹೆಸರಿದ್ದರೂ ಕಳಿಸಿದವರು ಹೊರಗಿನವರು.

ಅದರ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದ್ದರೆ: ಈಗಲೇ 214ಕ್ಕೆ ಫೋನ್ ಮಾಡಿ. ‘ಪಾಸ್‌ವರ್ಡ್ ಹಾಕಿದೆ’ ಎಂದಷ್ಟೇ ಹೇಳಿ, ಉಳಿದದ್ದು ನಮ್ಮ ಕೆಲಸ. ಹಾಕಿದೆನೋ ಇಲ್ಲವೋ ಎಂದು ಸರಿಯಾಗಿ ನೆನಪಿಲ್ಲದಿದ್ದರೂ ಫೋನ್ ಮಾಡಿ. ಇದು ಯಾರಿಗೂ ಆಗಬಹುದಾದ್ದು. ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ.

ಮೇಲ್ ಬಂದಿದೆ, ಏನೂ ಒತ್ತಿಲ್ಲ ಎಂದಾದರೆ: ಮೇಲ್‌ನ ಬಲತುದಿಯ ಮೂರು ಚುಕ್ಕೆ ಒತ್ತಿ, Report phishing ಆರಿಸಿ. ಅಷ್ಟು ಸಾಕು.

ನಿಜವಾದ ಫಾರ್ಮ್ 16 ಜೂನ್‌ನಲ್ಲಿ ಸಂಬಳದ ಪೋರ್ಟಲ್‌ಗೆ ಹಾಕಿದ್ದೇ ಇದೆ. ಎಂದಿನಂತೆ ಅಲ್ಲಿಂದಲೇ ತೆಗೆದುಕೊಳ್ಳಿ.

ಈ ಮೇಲ್‌ನಲ್ಲಿ ಲಿಂಕ್ ಇಲ್ಲ, ಅಟ್ಯಾಚ್‌ಮೆಂಟ್ ಇಲ್ಲ. ಇದರ ಬಗ್ಗೆಯೇ ಅನುಮಾನ ಬಂದರೆ ನಿಮ್ಮ ಐಡಿ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಮುಂದಿನ ಮಾಹಿತಿ ಸಂಜೆ 4ಕ್ಕೆ.”

ಕೆಳಗೆ ‘ಐಟಿ ವಿಭಾಗ’ ಎಂದಷ್ಟೇ ಹಾಕದೆ, ಎಲ್ಲರಿಗೂ ಮುಖಪರಿಚಯ ಇರುವ ಒಬ್ಬರ ಹೆಸರು.

ಇದರಲ್ಲಿ ನಾವು ಹೆಚ್ಚು ಜಗಳವಾಡಿದ್ದು ಯಾವ ಸಾಲು ಮೊದಲು ಎಂಬುದರ ಬಗ್ಗೆ. ಒತ್ತದವರೇ ಜಾಸ್ತಿ, ಅವರಿಗೆ ಮೊದಲು ಹೇಳೋಣ ಎಂದು ಅಡ್ಮಿನ್ ವಾದ. ಲೆಕ್ಕದಲ್ಲಿ ಅದು ಸರಿ. ಆದರೆ ಒತ್ತದವರಿಗೆ ಗಡಿಯಾರ ಓಡುತ್ತಿಲ್ಲ, ಅವರು ಮಧ್ಯಾಹ್ನ ಓದಿದರೂ ನಡೆಯುತ್ತದೆ. ಒತ್ತಿದವರು ಎದೆ ಬಡಿದುಕೊಳ್ಳುತ್ತ ಓದುತ್ತಾರೆ, ಅವರು ಮೂರನೆಯ ಸಾಲಿನವರೆಗೆ ಓದಿದರೆ ಹೆಚ್ಚು. ಹಾಗಾಗಿ ಅವರ ಸಾಲು ಮೇಲೆ ಹೋಯಿತು. ‘ಕ್ರಮವಿಲ್ಲ’ ಎಂಬ ಮಾತಿಗೆ ಮೇಲಧಿಕಾರಿಗಳನ್ನು ಒಪ್ಪಿಸಲು ಎರಡು ವಾರ ಹಿಡಿಯಿತು. ಅವರು ಒಪ್ಪದೆ ನಾವೇ ಬರೆದಿದ್ದರೆ, ಮೊದಲ ಸಲ ಯಾರಿಗಾದರೂ ಮೆಮೋ ಹೋದ ದಿನವೇ ಆ ಸಾಲು ಸುಳ್ಳಾಗಿ, ಮತ್ತೆ ಯಾರೂ 214ಕ್ಕೆ ಫೋನ್ ಮಾಡುತ್ತಿರಲಿಲ್ಲ.

ಕಳ್ಳ ಮೇಲ್ ಅನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಿ ‘ಇದನ್ನು ನೋಡಿ ಹುಷಾರು’ ಅನ್ನುವ ಅಭ್ಯಾಸವನ್ನೂ ಬಿಟ್ಟೆವು. ಪೊಡೆಸ್ಟಾ ಪ್ರಕರಣದಲ್ಲಿ ಆಗಿದ್ದು ಅದೇ ತಾನೆ, ಉತ್ತರದ ಹೊಟ್ಟೆಯಲ್ಲೇ ಗಾಳ ಉಳಿದಿತ್ತು. ತೋರಿಸಲೇಬೇಕಿದ್ದರೆ ಸ್ಕ್ರೀನ್‌ಶಾಟ್ ಹಾಕಬೇಕು, ಚಿತ್ರವನ್ನು ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ.

ವಿಳಾಸ ಓದುವ ಪಾಠವನ್ನು ಸೇರಿಸಬೇಕೇ ಎಂದೂ ಚರ್ಚೆಯಾಯಿತು. ಆ ನಕಲಿ ಪುಟದ ವಿಳಾಸ ಜಾಣತನದ್ದು. ನಮ್ಮ ಸಂಸ್ಥೆಯ ವಿಳಾಸ `mail.namma.example` ಎಂದಿಟ್ಟುಕೊಂಡರೆ ಅದು ಹೀಗಿತ್ತು:

```
https://mail.namma.example.form16-view.example/login
```

ಎಡದಿಂದ ಓದುವ ಕಣ್ಣಿಗೆ ಮೊದಲು ಕಾಣುವುದು ನಮ್ಮದೇ ಹೆಸರು. ಆದರೆ ಈ ವಿಳಾಸಗಳನ್ನು ಅಂಚೆ ವಿಳಾಸದ ಹಾಗೆ ಕೊನೆಯಿಂದ ಓದಬೇಕು. ಗಾಂಧಿನಗರ ಎಲ್ಲ ಊರಲ್ಲೂ ಇದೆ, ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದು ಕೊನೆಯ ಸಾಲಿನ ಊರು. ಇಲ್ಲಿ `//` ಆದ ಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿದರೆ ಊರು `form16-view.example` ಎಂದು ತಿಳಿಯುತ್ತದೆ, ಅದರ ಹಿಂದಿರುವ ನಮ್ಮ ಹೆಸರು ಬರೀ ಒಂದು ಗಾಂಧಿನಗರ. (`.gov.in`, `.co.in` ಎಂದು ಮುಗಿಯುವ ಕಡೆ ಇನ್ನೊಂದು ತುಣುಕು ಹಿಂದೆ ಹೋಗಬೇಕು.) ಇದು ಚೆಂದದ ಪಾಠ, ತರಬೇತಿಯಲ್ಲಿ ನಾನು ಈಗಲೂ ಮಾಡುತ್ತೇನೆ. ಎಚ್ಚರಿಕೆಯಲ್ಲಿ ಮಾತ್ರ ಹಾಕಲಿಲ್ಲ. ಅರ್ಧ ಜನ ಮೇಲ್ ಓದುವುದು ಫೋನಿನಲ್ಲಿ, ಅಲ್ಲಿ ಕಳಿಸಿದವರ ಹೆಸರು ಕಾಣುತ್ತದೆಯೇ ಹೊರತು ಪೂರ್ತಿ ವಿಳಾಸ ಕಾಣುವುದು ಅಪರೂಪ. ಬೆಂಕಿ ಬಿದ್ದಾಗ ಬಾಗಿಲು ಎಲ್ಲಿದೆ ಎಂದು ಹೇಳಬೇಕು, ದಹನಕ್ರಿಯೆಯ ಪಾಠ ಆಮೇಲೆ.

ಚಿಕ್ಕದಾಗಿರಲಿ ಎಂಬುದಕ್ಕೆ ನಂತರ ಒಂದು ದೊಡ್ಡ ಆಧಾರವೂ ಸಿಕ್ಕಿತು. ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು ಒಂದು ದೊಡ್ಡ ಕಂಪನಿಯ 14,733 ಸಿಬ್ಬಂದಿಯನ್ನು 15 ತಿಂಗಳು ಗಮನಿಸಿ 2021ರಲ್ಲಿ ಫಲಿತಾಂಶ ಹೊರತಂದರು. ಅನುಮಾನದ ಮೇಲ್ ಮೇಲೆ ಎಚ್ಚರಿಕೆಯ ಪಟ್ಟಿ ಹಾಕಿದರೆ ಉಪಯೋಗವಿತ್ತು, ಆದರೆ ವಿವರವಾದ ಎಚ್ಚರಿಕೆಯಿಂದ ಚಿಕ್ಕದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಪರೀಕ್ಷೆಗೆಂದು ಕಳಿಸಿದ ನಕಲಿ ಮೇಲ್‌ನಲ್ಲಿ ಸಿಕ್ಕಿಬಿದ್ದವರಿಗೆ ಅಲ್ಲೇ ಪಾಠದ ಪುಟ ತೋರಿಸುವ ಜನಪ್ರಿಯ ವಿಧಾನ ಅವರನ್ನು ಇನ್ನಷ್ಟು ಗಟ್ಟಿ ಮಾಡಲಿಲ್ಲ, ಮುಂದೆ ಸಿಕ್ಕಿಬೀಳುವ ಸಾಧ್ಯತೆಯನ್ನು ಹೆಚ್ಚಿಸಿದ ಲಕ್ಷಣವೂ ಕಂಡಿತು. ನಿಜವಾಗಿ ಫಲ ಕೊಟ್ಟದ್ದು ಸಿಬ್ಬಂದಿಗೆ ಕೊಟ್ಟ ‘ತಿಳಿಸಿ’ ಎಂಬ ಗುಂಡಿ. ಮೇಲ್ ಬಂದ ಕೆಲವೇ ನಿಮಿಷಗಳಲ್ಲಿ ಯಾರೋ ಒಬ್ಬರು ಒತ್ತುತ್ತಿದ್ದರು, ಹದಿನೈದು ತಿಂಗಳಾದರೂ ಜನ ಬೇಸತ್ತು ಬಿಡಲಿಲ್ಲ. ನಮ್ಮಲ್ಲಿ ಹತ್ತು ಗಂಟೆಯ ಮೇಲ್ ಹನ್ನೊಂದೂವರೆಗೆ ನಮಗೆ ಗೊತ್ತಾಗಿದ್ದನ್ನು ಇದರ ಪಕ್ಕ ಇಟ್ಟು ನೋಡಿ.

ಇನ್ನು ಭಾಷೆಯ ಮಾತು. ಇಂಗ್ಲಿಷಿನಲ್ಲಿ ಪೊಡೆಸ್ಟಾ ಪ್ರಕರಣದ ಸಹಾಯಕನ ಕೈ ತಪ್ಪಿದ್ದು ಪದದ ತಲೆಯಲ್ಲಿದ್ದ ಎರಡಕ್ಷರ. ಕನ್ನಡದಲ್ಲಿ ಇಲ್ಲ ಎಂಬುದು ಕೂತಿರುವುದು ಬಾಲದಲ್ಲಿ. ಒತ್ತಬೇಡಿ, ಕಳಿಸಿಲ್ಲ, ಅಧಿಕೃತವಲ್ಲ, ತೆರೆಯತಕ್ಕದ್ದಲ್ಲ. ಬಾಯಿಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಕೇಳುವವರು ವಾಕ್ಯ ಮುಗಿಯುವವರೆಗೆ ಕಾಯುತ್ತಾರೆ. ಫೋನ್ ಕಾಯುವುದಿಲ್ಲ. ಬೀಗ ಹಾಕಿದ ಪರದೆಯ ಮೇಲೆ ಬರುವ ನೋಟಿಫಿಕೇಶನ್ ಒಂದೂವರೆ ಸಾಲಿಗೆ ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ಅಡ್ಮಿನ್ ಮೊದಲ ಕರಡಿಗೆ ಕೊಟ್ಟಿದ್ದ ವಿಷಯದ ಸಾಲನ್ನು ನನ್ನ ಫೋನಿಗೆ ಕಳಿಸಿ ನೋಡಿದೆವು. “ಫಾರ್ಮ್ 16 ಪಡೆಯಲು ಬಂದಿರುವ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಬೇಡಿ” ಎಂಬುದು ಪರದೆಯ ಮೇಲೆ ಹೀಗೆ ಬಂತು: “ಫಾರ್ಮ್ 16 ಪಡೆಯಲು ಬಂದಿರುವ ಲಿಂಕ್ ಒತ್ತಿ…”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಅದನ್ನೇ ನೋಡುತ್ತ ಕೂತೆವು. ಕಳ್ಳನ ಮೇಲ್‌ಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ.

ಆಮೇಲೆ ನಾವು ‘ಬೇಡಿ’ ಬಾಲದಲ್ಲಿರುವ ವಾಕ್ಯಗಳನ್ನೆಲ್ಲ ಹುಡುಕಿ, ಆದಷ್ಟನ್ನು ಮಾಡಬೇಕಾದ ಕೆಲಸದ ಮಾತಾಗಿ ತಿರುಗಿಸಿದೆವು. ಅಧಿಕೃತವಲ್ಲ ಎಂಬುದು ಹೋಗಿ ನಕಲಿ ಬಂತು. ನಕಲಿ ಎಂಬುದು ಕತ್ತರಿಸಿದರೂ ಅಸಲಿಯಾಗುವ ಪದವಲ್ಲ. ವಿಷಯದ ಸಾಲನ್ನೂ ಕತ್ತರಿ ಬೀಳದಷ್ಟು ಗಿಡ್ಡ ಮಾಡಿದೆವು. ‘ಎಚ್‌ಆರ್ ಕಳಿಸಿಲ್ಲ’ ಎಂಬುದು ‘ಕಳಿಸಿದವರು ಹೊರಗಿನವರು’ ಎಂದಾಯಿತು. ಪಾಸ್‌ವರ್ಡ್‌ಗೆ ಗುಪ್ತಪದ, ಲಿಂಕ್‌ಗೆ ಕೊಂಡಿ ಎಂದು ನಾನು ಉತ್ಸಾಹದಿಂದ ಬರೆದಿದ್ದನ್ನೂ ಅಳಿಸಿದೆವು. ಪರದೆಯ ಮೇಲೆ ಇರುವ ಪದ ಯಾವುದೋ ಅದೇ ಎಚ್ಚರಿಕೆಯಲ್ಲೂ ಇರಬೇಕು, ಹುಡುಕುವ ಕಣ್ಣಿಗೆ ಹೊಂದಬೇಕಲ್ಲ. ಕನ್ನಡದ ಸೇವೆ ಬೇರೆ ಕಡೆ ಮಾಡಬಹುದು.

ಒಂದು ಮಿತಿಯನ್ನು ಇಲ್ಲಿ ಹೇಳಬೇಕು. ಮೇಲ್‌ನಲ್ಲಿ ಕಳಿಸಿದ ಎಚ್ಚರಿಕೆಯನ್ನು ಒಳಗೆ ಕೂತ ಕಳ್ಳನೂ ಓದುತ್ತಾನೆ. ಯಾರ ಖಾತೆ ಅವನ ಕೈಯಲ್ಲಿದೆಯೋ ಅವರ ಇನ್‌ಬಾಕ್ಸ್‌ನಿಂದ ಅದನ್ನು ಅಳಿಸಿಯೂ ಬಿಡಬಲ್ಲ. ಅಂದರೆ ಎಚ್ಚರಿಕೆ ಅತ್ಯಗತ್ಯವಾಗಿ ಬೇಕಾದವರಿಗೇ ಅದು ಮುಟ್ಟದೆ ಹೋಗಬಹುದು. ಅದಕ್ಕೇ ಅದೇ ಮಾತುಗಳು ವಿಭಾಗದ ವಾಟ್ಸಾಪ್ ಗುಂಪಿಗೂ ನೋಟಿಸ್ ಬೋರ್ಡಿಗೂ ಹೋಗಬೇಕು. ಪದ ಬದಲಾಗಬಾರದು, ಬದಲಾದರೆ ಯಾವುದು ನಿಜ ಎಂಬ ಚರ್ಚೆ ಶುರುವಾಗುತ್ತದೆ. ದುಡ್ಡೇ ಹೋಗಿದ್ದರೆ ಮಾತು ಬೇರೆ, ಆಗ ಮೊದಲ ಫೋನ್ ನಮಗಲ್ಲ, ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ಎಚ್ಚರಿಕೆ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಷ್ಟು ಜನ ಓದಿದರು ಎಂಬುದು ಏನನ್ನೂ ಹೇಳುವುದಿಲ್ಲ. ನಾವು ಎರಡು ಪಟ್ಟಿಗಳನ್ನು ಹೋಲಿಸಲು ಶುರು ಮಾಡಿದೆವು. ಕಚೇರಿಯ ಜಾಲದಿಂದ ಆ ನಕಲಿ ಪುಟಕ್ಕೆ ಹೋದ ಕಂಪ್ಯೂಟರ್‌ಗಳ ಪಟ್ಟಿ ನೆಟ್‌ವರ್ಕ್ ದಾಖಲೆಯಲ್ಲಿ ಸಿಗುತ್ತದೆ. 214ಕ್ಕೆ ತಾವಾಗಿ ಫೋನ್ ಮಾಡಿದವರ ಪಟ್ಟಿ ಇನ್ನೊಂದು. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದವರು ಎಷ್ಟು ಎಂಬುದೇ ಎಚ್ಚರಿಕೆಯ ಅಂಕ. ಜುಲೈನ ಸುತ್ತೋಲೆಗೆ ಈ ಲೆಕ್ಕ ಹಾಕಿದರೆ ಎರಡನೆಯ ಪಟ್ಟಿ ಖಾಲಿ. ಸ್ವಂತ ಮೊಬೈಲ್ ಡೇಟಾದಲ್ಲಿ ಒತ್ತಿದವರು ಮೊದಲ ಪಟ್ಟಿಯಲ್ಲೂ ಸಿಗುವುದಿಲ್ಲ, ಹಾಗಾಗಿ ಲೆಕ್ಕ ಪೂರ್ಣವಲ್ಲ. ಪಟ್ಟಿಯಲ್ಲಿ ಸಿಕ್ಕವರಿಗೆ ನಾವೇ ಫೋನ್ ಮಾಡುವಾಗ ‘ಯಾಕೆ ಒತ್ತಿದಿರಿ’ ಎಂದು ಕೇಳುವುದನ್ನೂ ನಿಲ್ಲಿಸಿದೆವು. ‘ಪುಟ ಹೇಗಿತ್ತು, ಏನು ಕೇಳಿತು’ ಎಂದು ಕೇಳಿದರೆ ಜನ ಹೇಳುತ್ತಾರೆ.

ಆ ಕರಡು ಕೆಲಸಕ್ಕೆ ಬಂದದ್ದು ದೀಪಾವಳಿಯ ಹಿಂದಿನ ವಾರ. ಈ ಸಲ ಬೋನಸ್ ಪಟ್ಟಿಯ ಹೆಸರಿನಲ್ಲಿ ಮೇಲ್. ಮೊದಲು ತಿಳಿಸಿದವರು ಅದೇ ಲೆಕ್ಕಪತ್ರ ವಿಭಾಗದ ಮೇಡಂ. “ಸರ್, ಮತ್ತೆ ಬಂದಿದೆ, ಈ ಸಲ ಬೋನಸ್ ಅಂತೆ. ನಾನು ಮುಟ್ಟಿಲ್ಲ,” ಎಂದರು. ನಾವು ಕರಡು ತೆಗೆದು, ಫಾರ್ಮ್ 16 ಇದ್ದ ಕಡೆ ಬೋನಸ್ ಪಟ್ಟಿ ಎಂದು ತಿದ್ದಿ, ಸಮಯ ಬದಲಿಸಿ ಕಳಿಸಿದೆವು. ಐದು ನಿಮಿಷವಾಗಿತ್ತೋ ಇಲ್ಲವೋ, 214 ಬಡಿದುಕೊಂಡಿತು. ಗೋದಾಮಿನ ಸ್ಟೋರ್‌ಕೀಪರ್.

“ಸರ್, ನಿಮ್ಮ ಹೆಸರಲ್ಲಿ ಈಗೊಂದು ಮೇಲ್ ಬಂದಿದೆ. ಯಾವುದೋ ಬೋನಸ್ ಮೇಲ್ ನಕಲಿ ಅಂತ ಇದೆ. ಅದು ನೀವೇ ಕಳಿಸಿದ್ದಾ, ಇಲ್ಲ ಅದೂ ನಕಲಿನಾ?”